ನೇಗಿಲು ಹೊತ್ತವನ ಜಾಗದಲ್ಲಿ ತೆಂಗಿನ ಮರ

ಆ ವರ್ಷ ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ನನ್ನ ಗಂಡ ಗಲ್ಫಿನಿಂದ ಬರುವುದಿತ್ತು. ರಜೆ ಮಾತ್ರ ಇನ್ನೂ ಖಚಿತವಾಗಿರಲಿಲ್ಲ. ಬಿ.ಸಿ.ರೋಡಿನ ನಮ್ಮ ಮನೆಯಲ್ಲಿ ಫೋನ್ ಸದ್ದು ಮಾಡಿದರೆ ಸಾಕು, ಒಲೆಯ ಮೇಲೆ ಏನಿದ್ದರೂ ಬಿಟ್ಟು ಓಡುತ್ತಿದ್ದೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಮೂಡುಬಿದಿರೆಯಲ್ಲಿ ಓದುವಾಗ ಕಲಿತ ವರ್ಲಿ ಚಿತ್ರ ನೆನಪಾಗಿ, ಚಾವಡಿಯ ಗೋಡೆಗೊಂದು ಚಿತ್ರಪಟ ಮಾಡಲು ಹೊರಟೆ.

ಗಟ್ಟಿ ಕೋರಾ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ, ರಟ್ಟಿನ ಮೇಲೆ ಬಿಗಿಯಾಗಿ ಎಳೆದು ಅಂಚಿಗೆ ಟೇಪು ಹಚ್ಚಿದೆ. ಕಂದು ಮತ್ತು ಕೆಂಪು ಅಕ್ರಿಲಿಕ್ ಬೆರೆಸಿ ಕೆಮ್ಮಣ್ಣಿನ ಬಣ್ಣ ಬಳಿದೆ. ಅದು ಒಣಗಿದ ಮೇಲೆ ಸಣ್ಣ ಬ್ರಷ್ಷಿನಿಂದ ಬಿಳಿ ಬಣ್ಣದಲ್ಲಿ ಎರಡೆರಡು ತ್ರಿಕೋನಗಳನ್ನು ತುದಿಗೆ ತುದಿ ತಾಗುವಂತೆ ಬಿಡಿಸಿದೆ. ಅದೇ ಮೈ. ಮೇಲೊಂದು ಚುಕ್ಕೆ ತಲೆ, ಗೆರೆಗಳೇ ಕೈಕಾಲು. ಕೈ ಕೈ ಹಿಡಿದು ಸುತ್ತು ಕುಣಿಯುವವರು, ಪಕ್ಕದಲ್ಲಿ ನೇಗಿಲು ಹೊತ್ತವನೊಬ್ಬ.

ಅತ್ತೆ ಸಂಜೆಯ ಮಗ್ರಿಬ್ ನಮಾಜಿಗೆಂದು ಚಾವಡಿಗೆ ಬಂದವರು ಬಗ್ಗಿ ನೋಡಿದರು.

"ಚಂದ ಉಂಟು. ಆದ್ರೆ ಇದನ್ನು ಇಲ್ಲಿ ನೇತಾಡಿಸ್ಲಿಕ್ಕೆ ಆಗುದಿಲ್ಲ."

"ಯಾಕೆ?"

"ನಮಾಜ್ ಮಾಡುವ ಕಡೆ ಮನುಷ್ಯರ ಚಿತ್ರ ಬೇಡ ಮಗಳೇ."

ನಾನು ಬ್ರಷ್ ತೊಳೆದಿಟ್ಟೆ. ಒಳಗೊಳಗೇ ಕುದಿಯುತ್ತಿದ್ದೆ. ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರಿಗೆ ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಕೆಮ್ಮಣ್ಣಿನ ಬಣ್ಣ ಬೆರೆಸಿ ಕುಣಿಯುವವರ, ನೇಗಿಲು ಹೊತ್ತವನ ಮೇಲೆ ಬಳಿದೆ. ಬಿಳಿ ತ್ರಿಕೋನಗಳು ಅಡಿಯಿಂದ ಮಂಕಾಗಿ ಇಣುಕಿದವು. ಒಣಗಿಸಿ ಇನ್ನೊಮ್ಮೆ ಬಳಿದೆ. ಅವು ಮುಚ್ಚಿದವು, ಆದರೆ ಹೊಸ ಬಣ್ಣ ಹಳೆಯದಕ್ಕಿಂತ ಕಪ್ಪಾಗಿ, ನೆಲದ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕಂಡಿತು. ಬ್ರಷ್ ಎಸೆದು ಅಂಗಳದಲ್ಲಿ ಸುತ್ತು ಹಾಕಿದೆ.

ಹಿಂದಿರುಗಿದಾಗ ಅತ್ತೆ ಪಟದ ಮುಂದೆ ಕುಳಿತಿದ್ದರು. "ಈ ಕಪ್ಪು ಕಲೆ ಇರುವಲ್ಲೆಲ್ಲ ಮರ ಬಿಡಿಸುವಾ? ನಾನು ಮೆಹಂದಿ ಹಾಕ್ತೇನಲ್ಲ, ಎಲೆ ನನ್ಗೆ ಬರ್ತದೆ."

ನಾನು ಕಾಂಡ ಎಳೆದೆ. ಅವರು ಬೆಂಕಿಕಡ್ಡಿಯ ತುದಿಯನ್ನು ಬಿಳಿ ಬಣ್ಣದಲ್ಲಿ ಅದ್ದಿ ಚುಕ್ಕೆ ಚುಕ್ಕೆ ಎಲೆ ಇಟ್ಟರು. ನೇಗಿಲು ಹೊತ್ತವನ ಜಾಗದಲ್ಲಿ ತೆಂಗಿನ ಮರ ನಿಂತಿತು. ಗುಡಿಸಲು, ಗುಡ್ಡ, ಮೇಲೆ ಪೆರ್ನಾಲಿನ ಎಳೆ ಚಂದ್ರ. ಅಂಚಿಗೆ ತ್ರಿಕೋನಗಳ ಸಾಲು ಅವರೇ ಹಾಕಿದರು, ಸ್ವಲ್ಪ ಸೊಟ್ಟ. ಒಣಗಿದ ಮೇಲೆ ಬಟ್ಟೆಯನ್ನು ರಟ್ಟಿನಿಂದ ಬಿಡಿಸಿ, ಮೇಲಂಚು ಮಡಚಿ ಹೊಲಿದು ಬಿದಿರ ಕೋಲು ತೂರಿಸಿದೆವು.

ಹಬ್ಬದ ಮುನ್ನಾದಿನ ಫೋನ್ ಬಂತು. ರಜೆ ಸಿಗಲಿಲ್ಲ. ನಾನು ಪಟವನ್ನು ಸುರುಳಿ ಸುತ್ತತೊಡಗಿದೆ. ಅತ್ತೆ ಕೋಲು ಹಿಡಿದುಕೊಂಡರು. "ಹಬ್ಬ ಬರುದು ನಿಲ್ತದಾ? ಮೊಳೆ ಹೊಡಿ."

ಹಬ್ಬದ ದಿನ ನೆಂಟರು ಬಂದು ನೋಡಿ ಹೋದರು. ನನ್ನ ಕಿವಿ ಮಾತ್ರ ಫೋನಿನ ಕಡೆಗೇ ಇತ್ತು. ಸಂಜೆ ಗಂಡ ಫೋನಿನಲ್ಲಿ ಮಾತಿಗೆ ಸಿಕ್ಕಾಗ ಪಟದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ತೆಗೀಬೇಡ ಅದನ್ನು," ಎಂದರು. "ನಾನು ಬಂದು ನೋಡ್ತೇನೆ."

ಮಳೆಗಾಲ ಕಳೆದು ಬಂದರು. ಬ್ಯಾಗು ಕೆಳಗಿಡದೆ ಗೋಡೆಯ ಮುಂದೆ ನಿಂತು, ಎಲೆ ಯಾರದ್ದು, ಕಾಂಡ ಯಾರದ್ದು ಎಂದು ಕೇಳುತ್ತಲೇ ಇದ್ದರು.