ರೊಟ್ಟಿಯ ಐದನೇ ಪಾಲು

ಎಂಬತ್ತರ ದಶಕದಲ್ಲಿ ಶಿಕ್ಷಕರ ತರಬೇತಿ ಟಿ.ಸಿ.ಎಚ್. ಕಲಿಯುತ್ತಿದ್ದಾಗ ನನ್ನನ್ನು ಅಭ್ಯಾಸ ಪಾಠಗಳಿಗೆಂದು ಮೂರು ವಾರ ಮೊರಬದ ಶಾಲೆಗೆ ಕಳಿಸಿದ್ದರು. ಕೊನೆಯ ಪಾಠ ನಾಲ್ಕನೇ ಇಯತ್ತೆಯ ಭಿನ್ನರಾಶಿ. ಅದೊಂದು ಕೆಟ್ಟರೆ ಮತ್ತೆ ಒಂದು ವರ್ಷ ಅದೇ ಬೆಂಚು, ಅದೇ ಹಾಸ್ಟೆಲ್ಲಿನ ತಿಳಿಸಾರು. ನನ್ನ ಹಿಂದಿನ ಪಾಠದ ಪೀಠಿಕೆಯನ್ನು ನೋಡಿ ನಮ್ಮ ಮಾರ್ಗದರ್ಶಕ ಸರ್ ಟಿಪ್ಪಣಿ ವಹಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿ" ಎಂದು ಬರೆದಿದ್ದರು. ಹಾಗಾಗಿ ಈ ಸಲದ ಪೀಠಿಕೆಗೆ ನಾನು ನಾಲ್ಕು ದಿನ ತಲೆ ಕೆಡಿಸಿಕೊಂಡೆ.

ಪೀಠಿಕೆ ಎಂದರೆ ಪಾಠದ ಮೊದಲ ಹತ್ತು ನಿಮಿಷ. ಮಕ್ಕಳಿಗೆ ಗೊತ್ತಿರುವುದರಿಂದ ಶುರುಮಾಡಿ, ಗೊತ್ತಿಲ್ಲದ್ದರ ಬಾಗಿಲಿಗೆ ತಂದು ನಿಲ್ಲಿಸಬೇಕು. ಆಮೇಲೆ "ಇವತ್ತು ಇಂಥದ್ದನ್ನು ಕಲಿಯೋಣ" ಎಂದು ಹೇಳಬೇಕು. ನಾನು ಒಂದು ಸೇಬಿನ ಚಿತ್ರ ಬರೆದು, ಅದನ್ನು ನಾಲ್ಕು ಭಾಗ ಮಾಡಿ, ಬಣ್ಣ ತುಂಬಿ ಸರ್ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಮೊರಬದಾಗ ಸೇಬು ಯಾರ ಹೊಲದಾಗ ಬೆಳಿತಾರ ತಂಗಿ? ನಾಳೆ ಬಿಡುವಿನ್ಯಾಗ ಹುಡುಗ್ರು ಹೆಂಗ ಹಂಚ್ಕೊಂಡು ತಿಂತಾವ, ಅದನ್ನ ನೋಡ ಹೋಗು."

ಹೋಗಿ ನೋಡಿದೆ. ಬೇವಿನ ಗಿಡದ ಕೆಳಗೆ ಶೇಂಗಾ ಉಂಡಿಗೆ ಲಂಗದ ಅಂಚು ಮುಚ್ಚಿ, ಬಟ್ಟೆಯ ಮೇಲಿಂದಲೇ ಕಚ್ಚಿ ಮುರಿದು ಕೊಡುವ ಗುಬ್ಬಿ ಎಂಜಲು ನಡೆದಿತ್ತು. ರೊಟ್ಟಿಗೆ ಮಾತ್ರ ಬೇರೆ ಕಾಯ್ದೆ. ಮುರಿದವರು ಕೊನೆಗೆ ತಗೋಬೇಕು. ಉಳಿದವರು ಮೊದಲು ಆರಿಸಿಕೊಳ್ಳುವುದರಿಂದ, ಮುರಿಯುವ ಹುಡುಗಿ ಅಕ್ಕಸಾಲಿಗನಷ್ಟು ಜೋಪಾನವಾಗಿ ಮುರಿಯುತ್ತಿದ್ದಳು. ನನಗೆ ನಗು ಬಂತು. ಆದರೆ ಇದನ್ನು ಪಾಠ ಟಿಪ್ಪಣಿಯ ಯಾವ ಕಾಲಮಿನಲ್ಲಿ ಬರೆಯುವುದು? ರೊಟ್ಟಿಯನ್ನಷ್ಟೇ ತೆಗೆದುಕೊಂಡು ಕಾಯ್ದೆಯನ್ನು ಬಿಟ್ಟೆ. ಎರಡು ನಿಮಿಷ ಪ್ರಶ್ನೆ, ಮೂರು ನಿಮಿಷ ನಾನೇ ರೊಟ್ಟಿ ಮುರಿದು ನಾಲ್ವರಿಗೆ ಕೊಡುವುದು, ಮೂರು ನಿಮಿಷ "ಸಮ ಇವೆಯೇ?" ಎಂಬ ಚರ್ಚೆ, ಕೊನೆಗೆ "ನಾಲ್ಕನೇ ಒಂದು" ಎಂದು ಬರೆದ ರಟ್ಟು ತೋರಿಸುವುದು. ಕಾಗದದ ರೊಟ್ಟಿ ಮಾಡಿ ಮಡಚಿ, ಹರಿದು, ನಾಲ್ಕು ಸಲ ತಾಲೀಮು ಮಾಡಿದೆ.

ಕಾಗದ ಹೇಳಿದಂತೆ ಕೇಳುತ್ತದೆ. ಮೊರಬದಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಒಡತಿ ಪಾಠದ ದಿನ ಪ್ರೀತಿಯಿಂದ ಕಟ್ಟಿಕೊಟ್ಟದ್ದು ಖಡಕ್ ರೊಟ್ಟಿ. ಮುಂದಿನ ಸಾಲಿನ ನಾಲ್ವರನ್ನು ಕರೆದು, ಹಿಂದೆ ಗಡಿಯಾರ ಹಿಡಿದು ಕೂತಿದ್ದ ಸರ್ ಎದುರು, ನಾನು ಅದನ್ನು ಗತ್ತಿನಿಂದ ಮಡಚಿದೆ. ರೊಟ್ಟಿ ಫಳ್ಳೆಂದು ಮೇಜಿನ ತುಂಬ ಚೂರಾಯಿತು. ಇಡೀ ತರಗತಿ ನಕ್ಕಿತು. ನಾಲ್ಕು ಭಾಗ ಬೇಕಿದ್ದವಳ ಮುಂದೆ ನಲವತ್ತು ಇದ್ದವು. ಮುಂದಿನ ವರ್ಷದ ತಿಳಿಸಾರು ಕಣ್ಣಿಗೆ ಕಟ್ಟಿತು.

ನಾಲ್ವರಲ್ಲಿ ಒಬ್ಬಳು, ಎರಡು ಜಡೆಯ ಹುಡುಗಿ, ನನ್ನನ್ನು ಕೇಳದೆಯೇ ಚೂರುಗಳನ್ನು ಬಳಿದು ನಾಲ್ಕು ಗುಂಪು ಮಾಡಿದಳು. ಈ ಗುಂಪಿನಿಂದ ತುಸು ತೆಗೆದು ಆ ಗುಂಪಿಗೆ ಹಾಕಿದಳು. ಒಂದರಲ್ಲಿ ಮೂರು ದೊಡ್ಡ ಚೂರು, ಇನ್ನೊಂದರಲ್ಲಿ ಹತ್ತು ಸಣ್ಣವು. ಇವು ಸಮ ಹೇಗಾದವು ಎಂದು ಕೇಳಿದೆ. ತುಂಡು ಎಷ್ಟಾದರೂ ಇರಲಿ, ಪಾಲು ಸಮ ಇದ್ದರಾಯಿತು ಎಂದಳು. ಇದನ್ನು ಹೇಳಿಸಲೆಂದೇ ನಾನು ಮೂರು ನಿಮಿಷದ ಚರ್ಚೆ ಇಟ್ಟಿದ್ದೆ. ಜೀವ ಬಂದಂತಾಗಿ ರಟ್ಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳು ನನ್ನನ್ನು ತಡೆದಳು.

"ಅಕ್ಕೋರ, ಮುರದವ್ರು ಕಡೀಕ ತಗೋಬೇಕ್ರಿ. ಮುರದವ್ರು ನೀವ ಅದೀರಿ. ನಿಮ್ಮದೂ ಒಂದು ಪಾಲು ಆಗಬೇಕಲ್ರಿ."

ಪ್ರತಿ ಗುಂಪಿನಿಂದ ಒಂದಿಷ್ಟು ತೆಗೆದು ಐದನೆಯ ಗುಂಪು ಮಾಡಿದಳು. ನಾಲ್ಕು ದಿನ ತಲೆ ಕೆಡಿಸಿಕೊಂಡು ಮಾಡಿದ ರಟ್ಟು ಒಂದೇ ಗಳಿಗೆಯಲ್ಲಿ ಸುಳ್ಳಾಯಿತು. ನಾನು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ಕೇಳಿದೆ: ನಾಲ್ಕಕ್ಕಿಂತ ಐದು ದೊಡ್ಡದು, ಹಾಗಾದರೆ ನಿಮ್ಮ ಪಾಲು ದೊಡ್ಡದಾಯಿತೋ ಸಣ್ಣದಾಯಿತೋ?

ಸಣ್ಣದಾಯಿತೆಂದು ಎಲ್ಲರೂ ಒಟ್ಟಿಗೆ ಹೇಳಿದರು. ಯಾಕೆ ಎಂದದ್ದಕ್ಕೆ ಒಬ್ಬ ಹುಡುಗ, ನೀವು ನಡುವೆ ಬಂದಿರಲ್ಲ ಎಂದು ನನ್ನ ಕಡೆ ಕೈ ತೋರಿಸಿದ. ನಾನು ಕಪ್ಪು ಹಲಗೆಯ ಮೇಲೆ ನಾಲ್ಕನೇ ಒಂದು, ಐದನೇ ಒಂದು ಎರಡನ್ನೂ ಬರೆದು, ಇವತ್ತು ಇವನ್ನೇ ಕಲಿಯೋಣ ಎಂದೆ. ಸರ್ ಗಡಿಯಾರ ಕಿಸೆಗೆ ಹಾಕಿದರು.

ಪಾಠ ಮುಗಿದ ಮೇಲೆ, ಆ ಕಾಯ್ದೆಯನ್ನು ಬಿಡುವಿನಲ್ಲಿ ನೋಡಿಯೂ ಟಿಪ್ಪಣಿಯಲ್ಲಿ ಬರೆಯಲಿಲ್ಲವೆಂದು ಸರ್ ಮುಂದೆ ಒಪ್ಪಿಕೊಂಡೆ. ಅವರು ಅಂಚಿನಲ್ಲಿ ಬರೆದು ವಹಿಯನ್ನು ನನ್ನ ಕಡೆ ತಳ್ಳಿದರು: "ಪಾಸು. ಪೀಠಿಕೆಯನ್ನು ಐದು ಮಂದಿ ಸೇರಿ ಮಾಡಿದ್ದಾರೆ. ಇವರದು ಕೊನೆಯ ಪಾಲು."

ನಾಲ್ವರೂ ತಮ್ಮ ಪಾಲು ಎತ್ತಿಕೊಂಡು ಹೋಗಿದ್ದರು; ನನ್ನದು ಇನ್ನೂ ಮೇಜಿನ ಮೇಲಿತ್ತು. ಮೂರು ವಾರ ಆ ಶಾಲೆಯಲ್ಲಿ ಒಬ್ಬಳೇ ಕೂತು ಉಂಡವಳು ನಾನು. ಆ ಪುಡಿಯನ್ನು ಒಂದು ಚೂರೂ ಬಿಡದೆ ತಿಂದೆ.