ಪಟ್ಟಿಯಲ್ಲಿ ಉಳಿದ ಹೆಸರು

ನನ್ನ ಲೇಖನವನ್ನು ಜರ್ನಲ್‌ನವರು ಎರಡು ಸಲ ವಾಪಸ್ ಕಳಿಸಿದ್ದರು. ಪಕ್ಕದ ಟೇಬಲ್ಲಿನ ಹುಡುಗಿ ನಮ್ಮ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಅವಳ ಲೇಖನವನ್ನು ಅದೇ ಜರ್ನಲ್ ಒಪ್ಪಿಕೊಂಡಿತು. ಕಾಲುವೆ ನೀರಿಗೆ ಸವಳು ಹಿಡಿದ ಹೊಲಗಳ ಬಗ್ಗೆ ಬರೆದಿದ್ದಳು. ಒಂದೇ ಷರತ್ತು: ಉಲ್ಲೇಖಗಳನ್ನು ವಾರದೊಳಗೆ ಸರಿಪಡಿಸಬೇಕು, ಮತ್ತೆ ತಪ್ಪು ಕಂಡರೆ ಲೇಖನ ತಿರಸ್ಕಾರ.

"ಮೇಡಂ, ನೀವೊಮ್ಮೆ ನೋಡ್ರಿ. ನಿಮ್ಮಷ್ಟು ಚಲೋ ಇಲ್ಲಿ ಯಾರೂ ನೋಡಂಗಿಲ್ಲ" ಎಂದು ಪ್ರಿಂಟ್ ತಂದಿಟ್ಟಳು.

ನನ್ನ ಹೊಟ್ಟೆ ಉರಿಯುತ್ತಿತ್ತು. ಆದರೂ ಹೊಗಳಿಕೆಗೆ ಉಬ್ಬಿ ಕಾಗದ ಚೀಲಕ್ಕೆ ಹಾಕಿಕೊಂಡೆ. ಸುರಪುರದಿಂದ ಶಹಾಪುರಕ್ಕೆ ಓಡಾಡುವ ಬಸ್ಸಿನಲ್ಲೇ ಕೆಂಪು ಪೆನ್ಸಿಲ್ ಹಿಡಿದು ಕೂತೆ.

ನನ್ನ ಪದ್ಧತಿ ಹೀಗೆ. ಲೇಖನದೊಳಗೆ ಎಲ್ಲೆಲ್ಲಿ ಲೇಖಕರ ಹೆಸರು, ಇಸವಿ ಬರುತ್ತದೋ ಅದನ್ನು ಕೊನೆಯ ಪಟ್ಟಿಯಲ್ಲಿ ಹುಡುಕಿ ಟಿಕ್ ಹಾಕುವುದು. ಆಮೇಲೆ ಪಟ್ಟಿಯಲ್ಲಿ ಟಿಕ್ ಬೀಳದೆ ಉಳಿದವು ಯಾವುವೆಂದು ನೋಡುವುದು. ತಪ್ಪು ಸಿಕ್ಕಾಗಲೆಲ್ಲ ನನಗೆ ಖುಷಿ. ಇಸವಿಯ ಮುಂಚೆ ಒಂದು ಕಡೆ ಅಲ್ಪವಿರಾಮ ಇದೆ, ಇನ್ನೊಂದು ಕಡೆ ಇಲ್ಲ. ಜರ್ನಲ್‌ಗಳ ಹೆಸರು ಕೆಲವು ಪೂರ್ತಿ, ಕೆಲವು ಮೊಟಕು. ಇಷ್ಟು ಬೇಜವಾಬ್ದಾರಿಯವಳ ಲೇಖನ ಒಪ್ಪಿಗೆಯಾಯಿತಲ್ಲ ಎಂದು ಒಳಗೊಳಗೇ ಕುದಿದೆ.

ನಾಲ್ಕನೇ ಪುಟದಲ್ಲಿ ಒಂದು ಉಲ್ಲೇಖಕ್ಕೆ ಇಸವಿ ೨೦೧೬ ಎಂದಿತ್ತು, ಪಟ್ಟಿಯಲ್ಲಿ ೨೦೧೮. ಕಾಲೇಜಿನಲ್ಲಿ ಮೂಲ ಲೇಖನ ತೆಗೆದು ನೋಡಿದೆ, ಪಟ್ಟಿಯದೇ ಸರಿ. ಪೆನ್ಸಿಲ್ ಎತ್ತಿದವಳು ಹಾಗೇ ಕೆಳಗಿಟ್ಟೆ. ನಾನೇ ಎಲ್ಲ ತಿದ್ದಿ ಕೊಡಬೇಕೆಂದು ಏನಿದೆ? ಅವಳದ್ದೂ ಒಮ್ಮೆ ವಾಪಸ್ ಬರಲಿ. ಗುರುತು ಹಾಕದೆ ಪುಟ ತಿರುವಿದೆ.

ಪಟ್ಟಿಯಲ್ಲಿ ಕೊನೆಗೆ ಒಂದೇ ಒಂದು ನಮೂದು ಟಿಕ್ ಇಲ್ಲದೆ ಉಳಿಯಿತು. ಅದು ನನ್ನದು. ಹತ್ತು ವರ್ಷದ ಹಿಂದೆ ಬರೆದ, ಯಾರೂ ಎಲ್ಲಿಯೂ ಉಲ್ಲೇಖಿಸದ, ಅಚ್ಚಾದ ನನ್ನ ಏಕೈಕ ಲೇಖನ. ಅವಳ ಲೇಖನವನ್ನು ಮತ್ತೆರಡು ಸಲ ಹುಡುಕಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ.

"ಇದ್ಯಾಕ ಇಲ್ಲಿ ಐತಿ?" ಎಂದು ಅವಳನ್ನು ಕೇಳಿದೆ.

ಅವಳ ಮುಖ ಸಣ್ಣದಾಯಿತು. "ನಿಮ್ಮ ಲೇಖನದ ಮಾತಿದ್ದ ಪ್ಯಾರಾನ ತಗೀರಿ ಅಂತ ಜರ್ನಲ್‌ನೋರು ಹೇಳಿದ್ರು, ತಗದೆ. ಪಟ್ಟಿಯಾಗಿಂದ ನಿಮ್ಮ ಹೆಸರು ತಗ್ಯಾಕ ಮನಸ್ಸಾಗಲಿಲ್ರಿ, ಮೇಡಂ. ಹಂಗ ಇಟ್ರ ನಡೀತದೇನ್ರಿ?"

"ನಡಿಯಂಗಿಲ್ಲ. ಒಳಗ ಇಲ್ಲದ್ದು ಪಟ್ಟಿಯಾಗ ಇರಬಾರದು."

ಅವಳೆದುರೇ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಆಮೇಲೆ ನಾಲ್ಕನೇ ಪುಟಕ್ಕೆ ಹೋಗಿ ಇಸವಿಯನ್ನೂ ತಿದ್ದಿದೆ.

"ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ ನೋಡ್ರಿ" ಎಂದು ಅವಳು ನನ್ನ ಕೈ ಹಿಡಿದುಕೊಂಡಳು.

ಲೇಖನ ಅಚ್ಚಾಯಿತು. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಮೊದಲು ಅವಳ ಲೇಖನ ಕಂಡು ಉರಿಯುತ್ತಿದ್ದೆ, ಈಗ ಅವಳ ಮನಸ್ಸನ್ನು ಕಂಡೂ ಉರಿಯುತ್ತೇನೆ.