ಉಳಿದುಹೋದ ಎರಡು ಚೀಲ

ಅಪೆ ಮಾಮ ಖಾಲಿ ಚೀಲವನ್ನು ಎಂದೂ ಬಿಸಾಡಿದವರಲ್ಲ. ಗ್ರೌಟು, ಅಂದರೆ ಸಂದಿಗೆ ಸುರಿಯುವ ತೆಳು ಸಿಮೆಂಟು ಗಾರೆ, ಕಲೆಸಿ ಮುಗಿದ ಮೇಲೆ ಆ ಚೀಲಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ, ಒಂದೊಂದರ ಮೇಲೆ ಒಂದೊಂದು ಕಲ್ಲು ಇಟ್ಟು, ಎಣಿಸಿ, ಆಮೇಲೆಯೇ ಕೈ ತೊಳೆಯಲು ಹೋಗುತ್ತಿದ್ದರು. ಹೊಸಬರು ನಗುತ್ತಿದ್ದರು. ನಾನೂ ನಕ್ಕವಳೇ. ಅಪೆನಿಸಾ ರೊಕೊವುಸೊ ಎಂಬ ಐವತ್ತೆಂಟರ ಆ ಮನುಷ್ಯ ಇಪ್ಪತ್ತೆರಡು ವರ್ಷ ನಮ್ಮ ದ್ವೀಪದ ರಾಜಧಾನಿ ಸುವಾದಲ್ಲಿ ದಿನಗೂಲಿಯ ಮೇಲೆ ಗ್ರೌಟು ಸುರಿದಿದ್ದರು. ಅವರು ಸುರಿದದ್ದನ್ನು ಯಾರೂ ಒಂದು ಸಲವೂ ಒಡೆದು ತೆಗೆದಿರಲಿಲ್ಲ. ಆ ಶುಕ್ರವಾರ ಅವರನ್ನು ಫೋರ್‌ಮನ್ ಮಾಡುತ್ತೇವೆಂದು ಕಂಪನಿ ಮಾತು ಕೊಟ್ಟಿತ್ತು. ಹೆಂಡತಿ ಮೆರೆಸಿಯಾನಿ ಆಗಲೇ ಚರ್ಚಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ನಾನು ಸರೋಜ್ನಿ ನಾಯ್ಕರ್. ಸುವಾದ ವಾಲು ಬೇಯಲ್ಲಿ ಕಟ್ಟುತ್ತಿದ್ದ ಗೋದಾಮಿನ ಕೆಲಸದಲ್ಲಿ ತಪಾಸಣೆಯವಳು. ಸೇರಿ ನಾಲ್ಕೇ ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಬೇಕಾದ ಮಾತು ನನಗೆ ಇವತ್ತಿಗೂ ಸುಲಭವಲ್ಲ.

ಎಂಟು ಉಕ್ಕಿನ ಕಂಬ. ಪ್ರತಿ ಕಂಬದ ಬುಡಕ್ಕೆ ಒಂಬೈನೂರು ಮಿಲಿಮೀಟರಿನ ಚೌಕ ಬೇಸ್ ಪ್ಲೇಟು. ಅದು ಕಾಂಕ್ರೀಟಿನ ಪೀಠದ ಮೇಲೆ, ನಾಲ್ಕು ಉಕ್ಕಿನ ಬಿಲ್ಲೆಗಳ ಆಧಾರದಲ್ಲಿ, ಐವತ್ತು ಮಿಲಿ ಎತ್ತರದಲ್ಲಿ ನಿಂತಿರುತ್ತದೆ. ಆ ಸಂದಿಗೆ ಸುರಿಯುವುದು ಒಣಗಿದರೂ ಕುಗ್ಗದ ಗ್ರೌಟು. ಕುಗ್ಗಿದರೆ ಪ್ಲೇಟಿನ ಕೆಳಗೆ ಬಿರುಕು ಬಿಟ್ಟು, ಕಂಬದ ಭಾರವೆಲ್ಲ ಆ ನಾಲ್ಕು ಬಿಲ್ಲೆಗಳ ಮೇಲೆ ಕೂರುತ್ತದೆ. ಪ್ಲೇಟಿನ ಮೂಲಕ ಎಂಟು ಆಂಕರ್ ಬೋಲ್ಟು ಪೀಠದೊಳಗೆ ಇಳಿದಿರುತ್ತವೆ. ಒಂದೊಂದು ಬೋಲ್ಟಿನ ಸುತ್ತಲೂ, ಮೇಲಿನ ನಾನೂರು ಮಿಲಿ ಆಳದವರೆಗೆ, ಕೈಯಗಲದ ಒಂದು ಟೊಳ್ಳು ಕೊಳವೆ ಬಿಟ್ಟಿರುತ್ತಾರೆ. ಕಂಬ ಕೂರಿಸುವಾಗ ಬೋಲ್ಟನ್ನು ಅತ್ತಿತ್ತ ಸರಿಸಿಕೊಳ್ಳಲು ಅದು ಬೇಕು. ಆಮೇಲೆ ಅದೂ ಗ್ರೌಟಿನಿಂದಲೇ ತುಂಬಬೇಕು.

ಮಾಮನ ಲೆಕ್ಕ ಸೀಮೆಸುಣ್ಣದಲ್ಲಿ ಅಚ್ಚಿನ ಹಲಗೆಯ ಮೇಲೆ ಇರುತ್ತಿತ್ತು. ಪ್ಲೇಟಿನ ಕೆಳಗೆ, ಅಚ್ಚಿನ ಅಂಚೂ ಸೇರಿ, ನಲವತ್ತೈದು ಲೀಟರು. ಎಂಟು ಕೊಳವೆಗೆ ಇಪ್ಪತ್ತೆರಡು. ಸುರಿಯುವ ತೊಟ್ಟಿಯಲ್ಲಿ ಉಳಿಯುವುದು ಆರು. ಒಂದು ಚೀಲ ಕಲೆಸಿದರೆ ಹತ್ತೂವರೆ ಲೀಟರು. ಅಂದರೆ ಕಂಬಕ್ಕೆ ಏಳು ಚೀಲ. ಮೊದಲ ಏಳು ಕಂಬಕ್ಕೂ ಸರಿಯಾಗಿ ಏಳೇಳು ಚೀಲ ಹಿಡಿದಿತ್ತು.

ಆ ಮಂಗಳವಾರ ಬೆಳಿಗ್ಗೆ ಎಂಟನೆಯ ಕಂಬ. ಬಿಸಿಲೇರುವ ಮೊದಲು ಮುಗಿಸಬೇಕೆಂದು ಆರಕ್ಕೆ ಶುರು ಮಾಡಿದರು. ಒಂದೇ ಕಡೆಯಿಂದ, ನಿಲ್ಲಿಸದೆ ಸುರಿದರು. ಗ್ರೌಟು ಪ್ಲೇಟಿನ ಕೆಳಗೆ ಹರಿದು ಆಚೆ ಬದಿಯಲ್ಲಿ ದಪ್ಪಗೆ ಉಕ್ಕಿತು. ಅಚ್ಚು ತುಂಬಿತು. ಏಳಕ್ಕೆಲ್ಲ ಕೆಲಸ ಮುಗಿಯಿತು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದೆ.

ಮಾಮ ಚೀಲ ಹಾಸಿ ಎಣಿಸಿದರು. ಮತ್ತೆ ಎಣಿಸಿದರು. ಐದು.

"ಸರೋ ಮಗಳೇ, ಅಲ್ಲಿ ತುಂಬಿದ ಚೀಲ ಎಷ್ಟಿದೆ ನೋಡು."

"ಎರಡು ಉಳ್ದಿದೆ ಮಾಮ. ಒಳ್ಳೇದೇ ಆಯ್ತಲ್ಲ, ಮಿಕ್ತು!"

ಅವರು ನನ್ನ ಕಡೆ ನೋಡಿದ ರೀತಿಗೆ ಚಹಾದ ಲೋಟ ಕೆಳಗಿಟ್ಟೆ.

ಕಂಬ ಎತ್ತುವ ತಂಡದ ಮುಖ್ಯಸ್ಥ ವಿಲಿಕೆಸಾ ಹತ್ತಿರ ಬಂದ. ಯಾವಾಗಲೂ ಚುಡಾಯಿಸುವ ಬಾಯಿ ಅವನದು. "ಏನ್ ಮಾಮ, ಫೋರ್‌ಮನ್ ಆಗೋಕ್ ಮುಂಚೇನೇ ಚೀಲ ಉಳ್ಸಿ ಬಾಸ್‌ಗೆ ಬೆಣ್ಣೆ ಹಚ್ತಿದೀರಾ?"

"ಸಂದಿ ಎಷ್ಟಿದೆ ಅಳೆಯೋ."

"ಪೀಠ ಸ್ವಲ್ಪ ಎತ್ತರ ಆಗಿರ್ಬೇಕು ಬಿಡಿ. ಸಂದಿ ಕಮ್ಮಿ, ಗ್ರೌಟೂ ಕಮ್ಮಿ."

"ಎರಡು ಚೀಲ ಕಮ್ಮಿ ಆಗ್ಬೇಕಾದ್ರೆ ಸಂದಿ ಅರ್ಧ ಇರ್ಬೇಕು ಕಣೋ. ಅಳೆ ಅಂದ್ನಲ್ಲ!"

ವಿಲಿಕೆಸಾ ನಾಲ್ಕು ಮೂಲೆಯಲ್ಲೂ ಪ್ಲೇಟಿನ ಅಂಚಿನ ಹಸಿ ಗ್ರೌಟಿನೊಳಗೆ ಟೇಪು ಇಳಿಸಿ ನೋಡಿದ. ಐವತ್ತು, ಐವತ್ತು, ಐವತ್ತೊಂದು, ಐವತ್ತು. ಅವನ ನಗು ಇಳಿಯಿತು.

"ಬೆಳಿಗ್ಗೆ ಇದು ಉಸಿರೇ ಬಿಡ್ಲಿಲ್ಲ," ಎಂದರು ಮಾಮ, ತಮಗೇ ಹೇಳಿಕೊಳ್ಳುವಂತೆ. ಆಗ ನನಗೂ ಹೊಳೆಯಿತು. ಮಿಕ್ಕ ಏಳು ಕಂಬದಲ್ಲೂ ಗ್ರೌಟು ಕೊಳವೆಗೆ ಇಳಿಯುವಾಗ ಒಳಗಿನ ಗಾಳಿ ಗುಳುಗುಳು ಎಂದು ಮೇಲೆ ಬಂದಿತ್ತು. ತೊಟ್ಟಿಯ ಮಟ್ಟ ಕುಸಿದು, ಮತ್ತೆ ಮತ್ತೆ ಸುರಿಯಬೇಕಾಗಿತ್ತು. ಇದರಲ್ಲಿ ಒಂದು ಗುಳ್ಳೆಯೂ ಇಲ್ಲ. ಪ್ಲೇಟಿನ ಕೆಳಗೆ ತುಂಬಿದೆ, ಕೊಳವೆಗಳು ಖಾಲಿ. ಎರಡು ಚೀಲ ಎಂದರೆ ಇಪ್ಪತ್ತೊಂದು ಲೀಟರು, ಎಂಟು ಕೊಳವೆಯ ಹೊಟ್ಟೆಗೆ ಬೇಕಾದಷ್ಟೇ.

ಮಾಮ ಚೀಲಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ಬಟ್ಟೆ," ಎಂದರು. "ನನ್ನ ಬಟ್ಟೆ."

ಮಾರ್ಚಿನ ಮಳೆಯಲ್ಲಿ ಕೊಳವೆಗಳಿಗೆ ಕೆಸರು, ಜಲ್ಲಿ ಬೀಳದಿರಲೆಂದು ಅವರೇ ಹಳೇ ಬಟ್ಟೆ ಹರಿದು ಅರವತ್ನಾಲ್ಕಕ್ಕೂ ತುರುಕಿದ್ದರು. ಕಂಬ ಕೂರಿಸುವ ಹಿಂದಿನ ದಿನ ಒಂದೊಂದನ್ನೂ ಎಣಿಸಿ ತೆಗೆಯುವುದು ಅವರ ಪದ್ಧತಿ. ಎಂಟನೆಯ ಕಂಬವನ್ನು ಮಾತ್ರ ವಿಲಿಕೆಸಾನ ತಂಡ ಗೊತ್ತಾಗಿದ್ದ ದಿನಕ್ಕಿಂತ ಮುಂಚೆ, ಶನಿವಾರವೇ ಕೂರಿಸಿತ್ತು. ಮಾಮ ಅವತ್ತು ಮೊಮ್ಮಗಳ ದೀಕ್ಷಾಸ್ನಾನಕ್ಕೆ ಹೋಗಿದ್ದರು. ಸೋಮವಾರ ಬಂದವರು ಆ ತಂಡವೇ ಬಟ್ಟೆಯನ್ನೂ ತೆಗೆದಿದೆ ಎಂದುಕೊಂಡು ತಪಾಸಣೆಯ ಚೀಟಿಗೆ ಸಹಿ ಹಾಕಿದರು.

ಅವರ ಸಹಿಯ ಕೆಳಗೆ ಇನ್ನೊಂದು ಸಹಿ ಇತ್ತು. ನನ್ನದು. 'ಕೊಳವೆಗಳು ಶುಚಿಯಾಗಿವೆ, ಕಣ್ಣಾರೆ ನೋಡಲಾಗಿದೆ.' ಸೋಮವಾರ ಸಣ್ಣಗೆ ಹನಿಯುತ್ತಿತ್ತು. ನೆಲ ಕೆಸರು, ನನ್ನ ಪ್ಯಾಂಟು ಹೊಸದು. ಟಾರ್ಚು ಹಿಡಿದು ಮಂಡಿಯೂರಿ ನೋಡಬೇಕಾದವಳು ನಾನು ಗಾಡಿಯೊಳಗೆ ಕೂತೇ ಗೀಚಿ ಕೊಟ್ಟಿದ್ದೆ.

ಮ್ಯಾನೇಜರ್ ಹಾಲಿಸ್ ಬಂದ. ನ್ಯೂಜಿಲೆಂಡಿನವನು. ಕೆಟ್ಟವನಲ್ಲ, ಆದರೆ ಬಾಡಿಗೆ ಕ್ರೇನು ಶುಕ್ರವಾರ ವಾಪಸು ಹೋಗುತ್ತದೆಂಬ ಚಿಂತೆಯಲ್ಲಿ ನಿದ್ದೆಗೆಟ್ಟವನು. ಮಾಮ ಎದ್ದು ನಿಂತು ಎಲ್ಲವನ್ನೂ ಹೇಳಿದರು.

"ಹೊರಗಿಂದ ಚೆನ್ನಾಗೇ ಕಾಣ್ತಿದೆಯಲ್ಲ ಅಪೆ," ಎಂದ ಹಾಲಿಸ್. "ಬೋಲ್ಟನ್ನ ಹಿಡ್ಕೊಂಡಿರೋದು ತಳದಲ್ಲಿರೋ ಕಾಂಕ್ರೀಟು. ಕೊಳವೆ ಖಾಲಿ ಇದ್ರೆ ಏನಾಗುತ್ತೆ? ಯಾರು ನೋಡ್ತಾರೆ?"

"ನೀರು ನೋಡುತ್ತೆ ಬಾಸ್. ಒಳಗೆ ನಿಂತು ಬೋಲ್ಟನ್ನ ತಿನ್ನುತ್ತೆ. ನಮ್ಮಲ್ಲಿ ಚಂಡಮಾರುತ ಬರಲ್ವಾ? ಗಾಳಿ ಪಕ್ಕದಿಂದ ನೂಕಿದ್ರೆ ಬೋಲ್ಟು ಒರಗೋಕೆ ಏನಿದೆ ಅಲ್ಲಿ? ಹಳೇ ಚಿಂದಿ! ಎಲ್ಲ ಒಟ್ಟಿಗೆ ಬಾಗುತ್ತೆ."

"ನಾಳೆ ಇಂಜಿನಿಯರನ್ನ ಕೇಳೋಣ."

"ನಾಳೆ ಇದು ಕಲ್ಲು. ಯಂತ್ರ ತಂದು ವಾರಗಟ್ಟಲೆ ಒಡೀಬೇಕು. ಈಗ ಇನ್ನೂ ಹಸಿ, ನೀರು ಹೊಡೆದ್ರೆ ತೊಳೆದು ಹೋಗುತ್ತೆ. ಸುರಿದು ಇಪ್ಪತ್ತು ನಿಮಿಷ ಆಗೋಯ್ತು."

ಹಾಲಿಸ್ ಚೀಟಿ ಎತ್ತಿಕೊಂಡ. ಎರಡು ಸಹಿಯನ್ನೂ ನೋಡಿದ. ನನ್ನ ಕಡೆ ತಿರುಗಿದ. "ಮಿಸ್ ನಾಯ್ಕರ್, ನೀವು ಕಣ್ಣಾರೆ ನೋಡಿದ್ರಾ?"

ಮನೆಯಲ್ಲಿ ನನ್ನ ಒಬ್ಬಳ ಸಂಬಳ. ಚೀಟಿಯ ಮೇಲಿನ ನನ್ನ ಸಹಿಯನ್ನೇ ನೋಡಿದೆ.

"ನೋಡೋಕೆ ಬಂದ್ಲು ಬಾಸ್," ಎಂದರು ಮಾಮ. "ನಾನೇ ಬೇಡ ಅಂದೆ. ಎಲ್ಲ ತೆಗೆದಿದೀನಿ, ಸಹಿ ಹಾಕು ಅಂದೆ. ದೊಡ್ಡೋನು ಹೇಳಿದ ಮೇಲೆ ಚಿಕ್ಕ ಹುಡುಗಿ ಏನು ಮಾಡ್ತಾಳೆ?"

ಹಸಿ ಸುಳ್ಳು! ನಾನು ಅಲ್ಲಿಗೆ ಬಂದೇ ಇರಲಿಲ್ಲ. ಅಲ್ಲ ಎನ್ನಬೇಕಿತ್ತು. ಅನ್ನಲಿಲ್ಲ.

"ಹಾಗಾದ್ರೆ ಶುಕ್ರವಾರದ ಮಾತು ಮರ್ತುಬಿಡು ಅಪೆ," ಎಂದ ಹಾಲಿಸ್.

"ಅದು ಆಮೇಲೆ. ನೀರಿನ ಯಂತ್ರ ಕೊಡ್ತೀರೋ ಇಲ್ವೋ?"

ಹಾಲಿಸ್ ಗಡಿಯಾರ ನೋಡಿದ, ಕ್ರೇನು ನೋಡಿದ, ಐದು ಚೀಲದ ಸಾಲು ನೋಡಿದ. "ತಗೋ, ಹಾಳಾಗಿ ಹೋಗಲಿ," ಎಂದ.

ಅಚ್ಚಿನ ಹಲಗೆ ಕಿತ್ತರು. ಮಾಮ ನೀರಿನ ಪೈಪು ಹಿಡಿದು ಬೋರಲು ಬಿದ್ದುಕೊಂಡರು. ವಿಲಿಕೆಸಾ ಆಚೆಯಿಂದ ಸಲಿಕೆಯಲ್ಲಿ ಬೂದು ಕೆಸರು ಎಳೆದು ಎಳೆದು ಹಾಕಿದ. ನಡುವಿನ ಭಾಗ ಆಗಲೇ ಅಂಟಾಗತೊಡಗಿತ್ತು. ಮಾಮನ ಮುಖ, ಗಡ್ಡವೆಲ್ಲ ಬೂದು. ಆಮೇಲೆ ತುದಿ ಬಾಗಿಸಿದ ತಂತಿಯನ್ನು ಸಂದಿಯೊಳಗೆ ತೂರಿಸಿ, ಬೋಲ್ಟಿನ ಸುತ್ತ ತಿರುವಿ ಎಳೆದರು. ಬಟ್ಟೆ ಬಂತು. ನೀಲಿ ಹೂವಿನ ಬಟ್ಟೆ, ಇಲ್ಲಿನವರು ಬುಲಾ ಎನ್ನುವ ಅಂಗಿಯ ತುಂಡು, ಅವರದೇ ಹಳೆಯದು.

"ನಂಬರ್ ಒನ್," ಎಂದ ವಿಲಿಕೆಸಾ. ಈ ಸಲ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಎರಡು, ಮೂರು, ಐದು, ಏಳು. ಎಂಟನೆಯದು ಸಿಗಲಿಲ್ಲ. ತಂತಿ ಹೋಗುತ್ತದೆ, ಬರಿಗೈಯಲ್ಲಿ ಬರುತ್ತದೆ. ಎಂಟು ಗಂಟೆಯಾಯಿತು. ಬಿಸಿಲು ಏರಿತು. ಮೂಲೆಗಳಲ್ಲಿ ಉಳಿದ ಗ್ರೌಟು ಉಗುರಿಗೆ ಗಟ್ಟಿ ಹತ್ತುತ್ತಿತ್ತು.

"ಅದ್ರಲ್ಲಿ ಇಲ್ವೇನೋ ಮಾಮ. ಏಳು ಸಾಕು," ಎಂದ ವಿಲಿಕೆಸಾ.

"ಅರವತ್ನಾಲ್ಕು ತುರುಕಿದ್ದೆ, ಐವತ್ತಾರು ತೆಗೆದಿದ್ದೆ. ಎಂಟು ಬರ್ಲೇಬೇಕು."

ನನಗೆ ತಡೆಯಲಾಗಲಿಲ್ಲ. ಟಾರ್ಚು ಎತ್ತಿಕೊಂಡು ಆ ಕೆಸರಲ್ಲೇ ಮಕಾಡೆ ಮಲಗಿದೆ. ಹೊಸ ಪ್ಯಾಂಟು ಮಣ್ಣು ಪಾಲಾಯಿತು. ಕೆನ್ನೆ ನೆಲಕ್ಕೆ ಒತ್ತಿ ನೋಡಿದರೆ, ಬೋಲ್ಟಿನ ಹಿಂಬದಿಯಲ್ಲಿ, ಗೇಣು ಆಳದಲ್ಲಿ, ಒಂದು ನೀಲಿ ಚುಕ್ಕೆ. ಬೋಲ್ಟು ಸರಿಸುವಾಗ ಯಾರೋ ಕೆಳಕ್ಕೆ ದೂಡಿದ್ದರು.

"ಕಾಣ್ತಿದೆ ಮಾಮ! ಎಡಕ್ಕೆ. ಇನ್ನೂ ಕೆಳಗೆ. ಈಗ ತಿರುಗ್ಸಿ!"

ಬಂತು. ನಾನು ಅತ್ತುಬಿಟ್ಟೆ. ನಿಜ ಹೇಳುವುದಾದರೆ, ಬಟ್ಟೆಗಾಗಿ ಅಲ್ಲ.

ಕೊಳವೆಗಳಲ್ಲಿ ನಿಂತ ನೀರನ್ನು ಹೀರುವ ಯಂತ್ರದಿಂದ ಎಳೆದು ತೆಗೆದು, ಮೂಲೆಗಳನ್ನು ಕೆರೆದು, ನೆರಳಿಗೆ ಟಾರ್ಪಾಲು ಕಟ್ಟಿ, ಇನ್ನೈದು ಚೀಲ ಗ್ರೌಟು ತರಿಸಿ, ಮೀನು ಮಾರುಕಟ್ಟೆಯಿಂದ ಐಸ್ ತರಿಸಿ ಕಲೆಸುವ ನೀರನ್ನು ತಣ್ಣಗೆ ಮಾಡಿ, ಮಧ್ಯಾಹ್ನ ಮತ್ತೆ ಸುರಿದರು. ಚೀಲಕ್ಕೆ ಅಳತೆಯ ನೀರು, ಒಂದು ಲೋಟವೂ ಹೆಚ್ಚಿಲ್ಲ. ಈ ಸಲ ಕಂಬದ ಬುಡ ಗುಳುಗುಳು ಎಂದಿತು. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದೆವು. ಮಾಮ ಚೀಲ ಹಾಸಿ ಕಲ್ಲಿಟ್ಟರು. ಏಳು.

ಶುಕ್ರವಾರ ವಿಲಿಕೆಸಾ ಫೋರ್‌ಮನ್ ಆದ. ಮೊದಲು ಚಪ್ಪಾಳೆ ತಟ್ಟಿದವರು ಮಾಮನೇ. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು. ಹಾಲಿಸ್ ಕೊಟ್ಟ ಕಾಗದದಲ್ಲಿ 'ಜವಾಬ್ದಾರಿಯುತ' ಎಂಬ ಪದವಿತ್ತು. ಓದಿ ಮುಖಕ್ಕೆ ಉಗಿದಂತಾಯಿತು.

ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ. "ಯಾಕೆ ಮಾಮ ಸುಳ್ಳು ಹೇಳಿದ್ರಿ? ನಾನು ಗಾಡಿಯಿಂದ ಇಳಿದೇ ಇರ್ಲಿಲ್ಲ."

"ಗೊತ್ತು ಕಣಮ್ಮ. ನೋಡಿದ್ದೆ."

"ಮತ್ತೆ?"

"ನನಗೆ ಇನ್ನೆರಡು ವರ್ಷ ಕೆಲಸ. ನೀನು ಇನ್ನು ಮೂವತ್ತು ವರ್ಷ ಕಂಬದ ಬುಡ ನೋಡ್ಬೇಕು." ತಂತಿಯನ್ನು ಸುತ್ತಿ ನನ್ನ ಕೈಗಿಟ್ಟರು. "ಸರಿಯಾಗಿ ನೋಡು. ಹೋಗು, ಚಹಾ ತಾ."

ಅವರು ಕೊನೆಯವರೆಗೂ ದಿನಗೂಲಿಯಲ್ಲೇ ಇದ್ದು ಕೆಲಸ ಬಿಟ್ಟರು. ಹಾಲಿಸ್‌ಗೆ ನಾನು ನಿಜ ಹೇಳಲೇ ಇಲ್ಲ. ಅವನು ಊರಿಗೆ ಹೋಗಿ ಒಂಬತ್ತು ವರ್ಷವಾಯಿತು. ನಾನು ಈಗಲೂ ಪ್ರತಿ ಕಂಬದ ಬುಡದಲ್ಲಿ ಮಲಗಿ, ಆ ತಂತಿಯನ್ನು ಎಂಟು ಕೊಳವೆಗೂ ಇಳಿಸಿ, ಆಮೇಲೆಯೇ ಸಹಿ ಹಾಕುತ್ತೇನೆ. ಹೊಸಬರು ನಗುತ್ತಾರೆ.